ಟಾಪರ್‌ಗಳ ನಡುವೆ ನಾನೊಬ್ಬಳೇ ನಕಲಿ ಅನಿಸಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರವೇಶ ಪರೀಕ್ಷೆ ಬರೆದು ಆಯ್ಕೆಯಾಗಿ ಬಂದವರ ತರಗತಿಗೆ ನಾನು ಗಣಿತ ಹೇಳಿಕೊಡುತ್ತೇನೆ. ಪಾಠದ ನಡುವೆ ಬರುವ ಪ್ರಶ್ನೆಗಳು ಒಂದು ಥರ. ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ಬ್ಯಾಗ್ ಹಿಡಿದು ನಿಂತು ಕೇಳುವ ಪ್ರಶ್ನೆಗಳೇ ಬೇರೆ. ಇವು ಆ ಎರಡನೇ ಥರದವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

## ಬಂದ ಹೊಸತರಲ್ಲಿ

ಹಳೇ ಶಾಲೆಯಲ್ಲಿ ಯಾವಾಗಲೂ ನಾನೇ ಫಸ್ಟ್. ಇಲ್ಲಿ 38ನೇ ಸ್ಥಾನ. ನನ್ನ ತಲೆ ಮಂದ ಆಗೋಯ್ತಾ ಮೇಡಂ?

ತಲೆ ಹಾಗೇ ಇದೆ, ಪಕ್ಕದಲ್ಲಿ ಕೂತವರು ಬದಲಾಗಿದ್ದಾರೆ. ಅಲ್ಲಲ್ಲಿ ಫಸ್ಟ್ ಬಂದ 60 ಜನರನ್ನು ಹುಡುಕಿ ಒಂದೇ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಕೊಟ್ಟರೆ, ಫಲಿತಾಂಶದ ದಿನ 59 ಜನ ಫಸ್ಟ್ ಅಲ್ಲ. 30 ಜನ ಪಟ್ಟಿಯ ಕೆಳಗಿನ ಅರ್ಧದಲ್ಲಿರುತ್ತಾರೆ. ಅವರಲ್ಲಿ ಯಾರೂ ಹಿಂದಿನ ವಾರ ಗೊತ್ತಿದ್ದದ್ದನ್ನು ಮರೆತಿಲ್ಲ.

ಅಂಕ ಮತ್ತು ಸ್ಥಾನ ಎರಡೂ ಬೇರೆ ಬೇರೆ ಅಳತೆ. ನಿಮಗೆಷ್ಟು ಬರುತ್ತದೆ ಅನ್ನುವುದನ್ನು ಅಂಕ ಹೇಳುತ್ತದೆ. ನಿಮ್ಮ ಜೊತೆ ಯಾರು ಬರೆದರು ಅನ್ನುವುದನ್ನು ಸ್ಥಾನ ಹೇಳುತ್ತದೆ. ಇಲ್ಲಿ 38ನೇ ಸ್ಥಾನ ತಂದ ಅದೇ ಉತ್ತರಪತ್ರಿಕೆಯನ್ನು ಹಳೇ ಶಾಲೆಯಲ್ಲಿ ಕೊಟ್ಟಿದ್ದರೆ ಬಹುಶಃ ಈಗಲೂ ಫಸ್ಟೇ.

ಮನಶ್ಶಾಸ್ತ್ರಜ್ಞ ಹರ್ಬರ್ಟ್ ಮಾರ್ಷ್ 1984ರಿಂದ ಇದನ್ನೇ ಬೆನ್ನು ಹತ್ತಿದವರು. ಒಂದೇ ಮಟ್ಟದ ಇಬ್ಬರು ಮಕ್ಕಳಲ್ಲಿ ಒಬ್ಬರನ್ನು ಸಾಧಾರಣ ಶಾಲೆಗೆ, ಇನ್ನೊಬ್ಬರನ್ನು ಜಾಣರೇ ತುಂಬಿದ ಶಾಲೆಗೆ ಹಾಕಿದರೆ, ಎರಡನೆಯ ಮಗು ತನ್ನ ಓದಿನ ಬಗ್ಗೆ ಕಡಿಮೆ ಅಂದಾಜು ಇಟ್ಟುಕೊಳ್ಳುತ್ತದೆ. ದೊಡ್ಡ ಮೀನು, ಸಣ್ಣ ಕೊಳ ಅನ್ನುವ ಹೆಸರಿನಲ್ಲಿ ಈ ಪರಿಣಾಮ ಪ್ರಸಿದ್ಧ. ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಹಾಗಾಗಿ ಬದಲಾಗದ ಒಂದು ಅಳತೆಗೋಲು ಇಟ್ಟುಕೊಳ್ಳಿ. ಮೊದಲ ತಿಂಗಳ ಪ್ರಶ್ನೆಪತ್ರಿಕೆಯನ್ನು ಬಿಸಾಡಬೇಡಿ. ಮೂರು ತಿಂಗಳಾದ ಮೇಲೆ ಗಡಿಯಾರ ಇಟ್ಟುಕೊಂಡು ಅದನ್ನೇ ಮತ್ತೆ ಬರೆಯಿರಿ. ಆವತ್ತು ಎಷ್ಟು, ಈಗ ಎಷ್ಟು? ಪಕ್ಕದವರು ಎಷ್ಟೇ ಓಡಿದರೂ ಆ ಎರಡು ಸಂಖ್ಯೆ ಅಲ್ಲಾಡುವುದಿಲ್ಲ.

ನಾನು ಹೇಗೋ ಅದೃಷ್ಟದಿಂದ ಸೀಟು ತಗೊಂಡ್ಬಿಟ್ಟೆ. ಒಂದಲ್ಲ ಒಂದು ದಿನ ಎಲ್ಲರಿಗೂ ಗೊತ್ತಾಗುತ್ತೆ ಅಂತ ಭಯ. ಇದು ಕಾಯಿಲೆನಾ?

ಕಾಯಿಲೆ ಅಲ್ಲ. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇದಕ್ಕೆ ಇಂಪೋಸ್ಟರ್ ಫೆನಾಮೆನನ್, ಅಂದರೆ ತಾನು ನಕಲಿ ಅನ್ನುವ ಅನುಭವ, ಅಂತ ಹೆಸರು ಕೊಟ್ಟರು. ಅವರು ಮಾತಾಡಿಸಿದ್ದು ಓದಿನಲ್ಲಿ, ಕೆಲಸದಲ್ಲಿ ಮೇಲೆ ಬಂದ 150ಕ್ಕೂ ಹೆಚ್ಚು ಹೆಂಗಸರನ್ನು. ಪದವಿ, ಅಂಕ, ಹೊಗಳಿಕೆ ಎಲ್ಲ ಇದ್ದರೂ, "ನಾನು ಇವರನ್ನೆಲ್ಲ ಏಮಾರಿಸಿದ್ದೇನೆ" ಅನ್ನುವುದೇ ಅವರ ಒಳಗಿನ ಮಾತಾಗಿತ್ತು. ಗಂಡಸರಲ್ಲೂ ಇದು ಇದೆ ಅಂತ ಆಮೇಲೆ ಗೊತ್ತಾಯಿತು. ಜನ ಇಂಪೋಸ್ಟರ್ ಸಿಂಡ್ರೋಮ್ ಅನ್ನುತ್ತಾರೆ, ಸಿಂಡ್ರೋಮ್ ಅಂದರೆ ಕಾಯಿಲೆಯ ಥರ ಕೇಳಿಸುತ್ತದೆ, ಆದರೆ ಆ ಇಬ್ಬರು ಆ ಪದ ಬಳಸಲಿಲ್ಲ.

ಅದೃಷ್ಟದ ವಿಷಯಕ್ಕೆ ಬರೋಣ. ಗಣಿತದವಳಾಗಿ ಇದಕ್ಕೆ ಸುಮ್ನೆ "ಹಾಗೆಲ್ಲ ಅಂದುಕೋಬೇಡ" ಅನ್ನಲಾರೆ. ಕಟ್‌ಆಫ್ ಹತ್ತಿರ ಅದೃಷ್ಟ ನಿಜವಾಗಿಯೂ ಇದೆ. ಒಂದು ಅಂಕದಲ್ಲಿ ಒಳಗೆ ಬಂದವರಿಗೂ ಒಂದು ಅಂಕದಲ್ಲಿ ಹೊರಗುಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಆದರೆ ಅದೃಷ್ಟ ಎಷ್ಟು ದೂರ ಎತ್ತಬಲ್ಲದು? ನಾಲ್ಕು ಆಯ್ಕೆಯ 10 ಪ್ರಶ್ನೆಗಳನ್ನು ಬರೀ ಊಹೆಯಿಂದ ಬರೆದರೆ ಸರಾಸರಿ ಎರಡೂವರೆ ಸರಿಯಾಗುತ್ತವೆ. 8 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಾಧ್ಯತೆ ಸುಮಾರು 2400ಕ್ಕೆ ಒಂದು. ಇದು ಬರೀ ಹತ್ತೇ ಪ್ರಶ್ನೆಗೆ. ಅದೃಷ್ಟ ನಿಮ್ಮನ್ನು ಹೊಸ್ತಿಲು ದಾಟಿಸಿರಬಹುದು, ಹೊಸ್ತಿಲ ತನಕ ನಡೆಸಿಕೊಂಡು ಬಂದದ್ದು ಅದಲ್ಲ.

ಕ್ಲಾಸಲ್ಲಿ ಎಲ್ಲರಿಗೂ ಅರ್ಥ ಆಗಿರುತ್ತೆ, ನನಗೊಬ್ಬನಿಗೇ ಆಗಿರಲ್ಲ. ಕೈ ಎತ್ತೋಕೆ ನಾಚಿಕೆ.

ಎಲ್ಲರಿಗೂ ಅರ್ಥವಾಗಿದೆ ಅಂತ ನಿಮಗೆ ಹೇಗೆ ಗೊತ್ತಾಯಿತು? ಯಾರೂ ಕೈ ಎತ್ತಲಿಲ್ಲ, ಅಷ್ಟೇ ಅಲ್ವಾ? ನೀವೂ ಎತ್ತಲಿಲ್ಲ. ಹಿಂದಿನ ಬೆಂಚಿನವನು ನಿಮ್ಮನ್ನು ನೋಡಿ "ಇವನಿಗೆ ಅರ್ಥವಾಗಿದೆ" ಅಂದುಕೊಂಡ.

1987ರಲ್ಲಿ ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮೆಕ್‌ಫಾರ್ಲೆಂಡ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಬೇಕೆಂದೇ ಅರ್ಥವಾಗದ ಹಾಗೆ ಬರೆದ ಲೇಖನವನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ತೊಂದರೆಯಾದರೆ ಬಂದು ಕೇಳಬಹುದು ಅಂತಲೂ ಹೇಳಿದ್ದರು. ಯಾರೂ ಹೋಗಲಿಲ್ಲ. ತಾನು ಕೇಳದಿದ್ದದ್ದು ಮುಜುಗರಕ್ಕೆ, ಉಳಿದವರು ಕೇಳದಿದ್ದದ್ದು ಅವರಿಗೆ ಅರ್ಥವಾಗಿದ್ದಕ್ಕೆ, ಇದು ಅವರ ಲೆಕ್ಕ.

ನಾನು ಈಗ "ಅರ್ಥವಾಯಿತಾ?" ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. ಒಂದು ಚೀಟಿಯಲ್ಲಿ ಹೆಸರಿಲ್ಲದೆ, ಯಾವ ಸಾಲಿನಲ್ಲಿ ಕೈತಪ್ಪಿತು ಅಂತ ಬರೆಯಲು ಹೇಳುತ್ತೇನೆ. 60 ಚೀಟಿಯಲ್ಲಿ 35 ಒಂದೇ ಸಾಲನ್ನು ತೋರಿಸಿದ ದಿನಗಳಿವೆ. ನಿಮ್ಮ ಮೇಷ್ಟರು ಹೀಗೆ ಮಾಡದಿದ್ದರೆ ಪ್ರಶ್ನೆಯನ್ನು ಕಿರಿದು ಮಾಡಿ ಕೇಳಿ. "ನನಗೆ ಅರ್ಥವಾಗಲಿಲ್ಲ" ಅನ್ನುವುದರ ಬದಲು "ಮೂರನೇ ಸಾಲಿನಿಂದ ನಾಲ್ಕನೆಯದಕ್ಕೆ ಹೇಗೆ ಬಂದಿರಿ?" ಅನ್ನಿ. ಅದು ದಡ್ಡನ ಪ್ರಶ್ನೆಯ ಥರ ಕೇಳಿಸುವುದಿಲ್ಲ. ಮೇಷ್ಟರಿಗೂ ಉತ್ತರಿಸಲು ಸುಲಭ.

## ಟಾಪರ್ ಜೊತೆ ಲೆಕ್ಕ

ಅವನು ಓದೋದೇ ಇಲ್ಲ, ಆದ್ರೂ 95. ನಾನು ರಾತ್ರಿಯಿಡೀ ಕೂತ್ರೂ 60. ಅವನದು ಹುಟ್ಟಾ ಬುದ್ಧಿನಾ?

ಓದದೆ 95 ತೆಗೆದವರನ್ನು ನಾನಂತೂ ನೋಡಿಲ್ಲ. ಎಲ್ಲರೆದುರು ಓದದವರನ್ನು ನೋಡಿದ್ದೇನೆ. "ಏನೂ ಓದಿಲ್ಲ ಕಣೋ" ಅನ್ನುವುದು ಪರೀಕ್ಷೆ ಕೋಣೆಯ ಹೊರಗಿನ ಹಳೇ ಮಾತು. ಕಡಿಮೆ ಬಂದರೆ ಮುಖ ಉಳಿಸಿಕೊಳ್ಳಲು, ಜಾಸ್ತಿ ಬಂದರೆ ಮೆರೆಯಲು.

ಇನ್ನೊಂದು ಕಾರಣ ಇದೆ, ಅದು ಜಾಸ್ತಿ ಮುಖ್ಯ. ಕೆಲವರು ಈ ಪಾಠವನ್ನು ಎರಡನೇ ಸಲ ಕೇಳುತ್ತಿರುತ್ತಾರೆ. ಅಕ್ಕ ಹೇಳಿಕೊಟ್ಟಿರುತ್ತಾಳೆ, ಇಲ್ಲವೇ ರಜೆಯಲ್ಲಿ ಒಂದು ಸುತ್ತು ಮುಗಿಸಿರುತ್ತಾರೆ. ಆರು ಸಾಲಿನ ಒಂದು ಲೆಕ್ಕದಲ್ಲಿ ನಿಮಗೆ ಆರು ಹೊಸ ಸಾಲು ಕಂಡರೆ, ಅವನಿಗೆ "ಓ, ಇದು ಅದೇ" ಅಂತ ಒಂದೇ ಆಕಾರ ಕಾಣುತ್ತದೆ. ತಲೆಯಲ್ಲಿ ಒಟ್ಟಿಗೆ ಹಿಡಿದಿಡಬಹುದಾದ ಸಂಗತಿಗಳು ಎಲ್ಲರಿಗೂ ನಾಲ್ಕಾರೇ. ಆರು ಸಾಲು ಒಂದೇ ಗಂಟಾಗಿರುವವನಿಗೆ ಉಳಿದ ಜಾಗ ಖಾಲಿ. ಹೊರಗಿನಿಂದ ಅದು ಹುಟ್ಟಾ ಬುದ್ಧಿಯ ಥರವೇ ಕಾಣುತ್ತದೆ. ಜನರ ನಡುವೆ ಕಲಿಯುವ ವೇಗದಲ್ಲಿ ವ್ಯತ್ಯಾಸವೇ ಇಲ್ಲ ಅಂತ ಹೇಳುತ್ತಿಲ್ಲ, ಇದೆ. ಆದರೆ ಮೊದಲ ಕೆಲವು ತಿಂಗಳಲ್ಲಿ ನಿಮಗೆ ಕಾಣುವುದು ಬಹುಪಾಲು ಮೊದಲೇ ಓದಿದ್ದರ ವ್ಯತ್ಯಾಸ.

ಟಾಪರ್‌ಗೂ ನನಗೂ 31 ಅಂಕದ ಅಂತರ. ಇದನ್ನ ಮುಚ್ಚೋಕೆ ಸಾಧ್ಯನೇ ಇಲ್ಲ ಅನಿಸುತ್ತೆ.

31 ಅನ್ನುವ ಇಡೀ ಸಂಖ್ಯೆಯನ್ನು ದಿಟ್ಟಿಸುತ್ತಾ ಕೂತರೆ ಸಾಧ್ಯವಿಲ್ಲ ಅಂತಲೇ ಅನಿಸುತ್ತದೆ. ಅದನ್ನು ಒಡೆಯಬೇಕು. ಈ ಮಾತು ಹೇಳಿದ ಹುಡುಗಿಯ ಜೊತೆ ಕೂತು ಮಾಡಿದ್ದನ್ನೇ ಹೇಳುತ್ತೇನೆ.

100 ಅಂಕದ, ಮೂರು ಗಂಟೆಯ ಪತ್ರಿಕೆ. ಅವಳಿಗೆ 61, ಟಾಪರ್‌ಗೆ 92. ತರಗತಿಯ ಸರಾಸರಿ 58. ಸರಾಸರಿ ಎಷ್ಟು ಅಂತ ಅವಳು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ತಾನು ಎಲ್ಲರಿಗಿಂತ ಕೆಳಗಿದ್ದೇನೆ ಅಂದುಕೊಂಡಿದ್ದಳು, ನಿಜಕ್ಕೂ ಸರಾಸರಿಗಿಂತ ಮೂರು ಅಂಕ ಮೇಲಿದ್ದಳು.

ಟಾಪರ್ ವಿಷಯ ಬಿಟ್ಟು ಅವಳು ಕಳೆದುಕೊಂಡ 39 ಅಂಕಗಳ ಲೆಕ್ಕ ಹಿಡಿದೆವು. ಪ್ರತಿ ಅಂಕವನ್ನೂ ನಾಲ್ಕು ಗುಡ್ಡೆಗಳಲ್ಲಿ ಒಂದಕ್ಕೆ ಹಾಕಿದೆವು. ಪಾಠವೇ ಗೊತ್ತಿಲ್ಲದೆ ಹೋದದ್ದು 9. ಪಾಠ ಗೊತ್ತಿದ್ದೂ ಎಲ್ಲಿಂದ ಶುರು ಮಾಡಬೇಕು ಅಂತ ಹೊಳೆಯದೆ ಹೋದದ್ದು 12. ಕೈತಪ್ಪಿನಿಂದ 7. ಸಮಯ ಸಾಲದೆ ಮುಟ್ಟದೇ ಬಿಟ್ಟದ್ದು 11.

ಸಮಯದ ಗುಡ್ಡೆ ನೋಡಿ ಅವಳಿಗೇ ಆಶ್ಚರ್ಯವಾಯಿತು. 180 ನಿಮಿಷ, 100 ಅಂಕ. ಅಂದರೆ ಅಂಕಕ್ಕೆ ಎರಡು ನಿಮಿಷಕ್ಕೂ ಸ್ವಲ್ಪ ಕಡಿಮೆ. ಬಿಟ್ಟ 11 ಅಂಕಕ್ಕೆ 20 ನಿಮಿಷ ಸಾಕಿತ್ತು. ಆದರೆ 6 ಅಂಕದ ಒಂದು ಪ್ರಶ್ನೆಯ ಮೇಲೆ ಅವಳು 35 ನಿಮಿಷ ಕಳೆದಿದ್ದಳು. "ಇದು ಬರದಿದ್ದರೆ ನಾನು ಇಲ್ಲಿಗೆ ಸಲ್ಲುವವಳೇ ಅಲ್ಲ ಅನಿಸಿತು ಮೇಡಂ, ಅದಕ್ಕೇ ಬಿಡಲಿಲ್ಲ" ಅಂದಳು. ನಕಲಿ ಅನ್ನುವ ಭಾವನೆ ಬರೀ ಮನಸ್ಸಿಗೆ ನೋವು ಕೊಡುವುದಿಲ್ಲ, ನೇರವಾಗಿ ಅಂಕವನ್ನೂ ತಿನ್ನುತ್ತದೆ ಅಂತ ನನಗೆ ಅವತ್ತು ಸರಿಯಾಗಿ ಕಂಡಿತು.

ಪರಿಹಾರ ಗುಡ್ಡೆಗೊಂದು. ಸಮಯಕ್ಕೆ ಒಂದೇ ನಿಯಮ: ಅಂಕದ ಎರಡರಷ್ಟು ನಿಮಿಷ ಆಗುತ್ತಿದ್ದಂತೆ ಅಡ್ಡಗೆರೆ ಎಳೆದು, ಅರ್ಧ ಪುಟ ಜಾಗ ಬಿಟ್ಟು ಮುಂದಕ್ಕೆ ಹೋಗುವುದು. ಕೈತಪ್ಪಿನ 7ರಲ್ಲಿ 5 ಅಂಕ ಮೈನಸ್ ಚಿಹ್ನೆಯ ಮುಂದಿನ ಆವರಣ ಬಿಡಿಸುವಾಗಲೇ ಹೋಗಿದ್ದವು. ಆ ಹೆಜ್ಜೆಯನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯಲು ಶುರು ಮಾಡಿದಳು. ಶುರು ಹೊಳೆಯದ ಗುಡ್ಡೆಗೆ ದಿನಕ್ಕೆ ಹತ್ತು ನಿಮಿಷ: ಬೇರೆ ಬೇರೆ ಅಧ್ಯಾಯಗಳ ಮೂರು ಲೆಕ್ಕ ಕಲಸಿ ಇಟ್ಟುಕೊಂಡು, ಬಿಡಿಸದೆ ಮೊದಲ ಸಾಲು ಮಾತ್ರ ಬರೆಯುವುದು. ಅಧ್ಯಾಯದ ಕೊನೆಯ ಲೆಕ್ಕಗಳಲ್ಲಿ ಈ ಅಭ್ಯಾಸ ಸಿಗುವುದಿಲ್ಲ. ಯಾವ ಸೂತ್ರ ಬೇಕು ಅಂತ ಅಧ್ಯಾಯದ ಹೆಸರೇ ಹೇಳಿಬಿಟ್ಟಿರುತ್ತದೆ.

ಆರು ವಾರ ಬಿಟ್ಟು ಮುಂದಿನ ಪರೀಕ್ಷೆ. ಅವಳಿಗೆ 70, ಸರಾಸರಿ 60, ಟಾಪರ್‌ಗೆ 94. ಕಳೆದುಕೊಂಡ 30ರಲ್ಲಿ ಸಮಯದ್ದು 2, ಕೈತಪ್ಪು 4, ಗೊತ್ತಿಲ್ಲದ್ದು 11, ಶುರು ಹೊಳೆಯದ್ದು 13. ಅಂದರೆ ಎರಡು ಗುಡ್ಡೆ ಕರಗಿದವು, ಎರಡು ಸ್ವಲ್ಪ ಬೆಳೆದವು. ಸಮಯ ಮತ್ತು ಕೈತಪ್ಪು ಬೇಗ ಸರಿಹೋಗುತ್ತವೆ. ಶುರು ಹೊಳೆಯುವುದಕ್ಕೆ ತಿಂಗಳುಗಟ್ಟಲೆ ಬೇಕು. ಅವಳಿಗೆ ಇಡೀ ವರ್ಷ ಹಿಡಿಯಿತು. ಟಾಪರ್ ಜೊತೆಗಿನ ಅಂತರ 31ರಿಂದ 24ಕ್ಕೆ ಬಂತು. ಅದು ಪೂರ್ತಿ ಮುಚ್ಚಲೇ ಇಲ್ಲ.

ಮನೆಯಲ್ಲಿ ಮಾಡುವಾಗ ಒಂದು ಎಚ್ಚರ. ಎಲ್ಲವನ್ನೂ "ಕೈತಪ್ಪು" ಗುಡ್ಡೆಗೆ ಹಾಕುವ ಆಸೆ ಬರುತ್ತದೆ, ಅದು ಮಾನ ಉಳಿಸುವ ಗುಡ್ಡೆ. ಉತ್ತರ ನೋಡದೆ ಆ ಲೆಕ್ಕವನ್ನು ಮತ್ತೆ ಮಾಡಿ. ಬಂದರೆ ಕೈತಪ್ಪು. ಬರದಿದ್ದರೆ ಅಲ್ಲ.

ಟಾಪರ್ ನನ್ನ ಜೀವದ ಗೆಳತಿ. ಅವಳಿಗೆ ಅಂಕ ಬಂದ್ರೆ ಹೊಟ್ಟೆ ಉರಿಯುತ್ತೆ, ಆಮೇಲೆ ನನ್ನ ಮೇಲೇ ಅಸಹ್ಯ.

ಹೊಟ್ಟೆ ಉರಿಯುವುದು ತಪ್ಪಲ್ಲ. ದೂರದವರ ಗೆಲುವಿಗಿಂತ ಹತ್ತಿರದವರ ಗೆಲುವೇ ಜಾಸ್ತಿ ಚುಚ್ಚುತ್ತದೆ. ನಮ್ಮಂಥವರ ಜೊತೆಗೇ ನಾವು ಹೋಲಿಸಿಕೊಳ್ಳುವುದು ಅಂತ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲೇ ಬರೆದಿದ್ದಾರೆ. ಒಂದು ಕೆಲಸ ಮಾಡಿ ನೋಡಿ. "ಎಷ್ಟು ಗಂಟೆ ಓದ್ತೀಯ?" ಅಂತ ಕೇಳುವುದನ್ನು ಬಿಡಿ, ಆ ಉತ್ತರದಿಂದ ಯಾರಿಗೂ ಏನೂ ಸಿಗುವುದಿಲ್ಲ. "ಈ ಲೆಕ್ಕ ನೋಡಿದ ತಕ್ಷಣ ಮೊದಲು ಏನು ಯೋಚಿಸಿದೆ?" ಅಂತ ಕೇಳಿ. ಗೆಳತಿ ಮಾತ್ರ ಕೊಡಬಹುದಾದ ಉತ್ತರ ಅದು. ಎರಡು ಸಲ ತಪ್ಪು ದಾರಿ ಹಿಡಿದೆ ಅಂತಲೂ ಅವಳು ಹೇಳಬಹುದು.

ಮನೆಯಲ್ಲಿ ದಿನಾ "ಅವಳನ್ನ ನೋಡಿ ಕಲಿ" ಅಂತಾರೆ.

ಮನೆಯವರಿಗೆ ಒಂದೇ ಸಂಖ್ಯೆ ಸಿಗುತ್ತಿದ್ದರೆ ಅವರು ಅದನ್ನೇ ಹಿಡಿದು ಮಾತಾಡುತ್ತಾರೆ. ಅಂಕದ ಜೊತೆ ಸರಾಸರಿಯನ್ನೂ, ಗುಡ್ಡೆಯ ಲೆಕ್ಕವನ್ನೂ ನೀವೇ ಮುಂದಾಗಿ ತೋರಿಸಿ. "ಈ ಸಲ ಸಮಯಕ್ಕೆ 11 ಹೋಯಿತಮ್ಮ, ಮುಂದಿನ ಸಲ 5ಕ್ಕೆ ಇಳಿಸುತ್ತೇನೆ" ಅಂದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಎಲ್ಲ ಮನೆಯಲ್ಲೂ ನಡೆಯುತ್ತದೆ ಅಂತ ಭರವಸೆ ಕೊಡಲಾರೆ. ನಾನು ಓದುವಾಗ ನಮ್ಮ ಮೇಷ್ಟರೊಬ್ಬರು ಅಂಕಗಳನ್ನು ಕೆಳಗಿನಿಂದ ಮೇಲಕ್ಕೆ ಜೋರಾಗಿ ಓದುತ್ತಿದ್ದರು. ಐದನೆಯ ಹೆಸರು ನನ್ನದು. ಅವರಿಗೆ ಯಾವ ಲೆಕ್ಕ ತೋರಿಸಿದ್ದರೂ ಕೇಳುತ್ತಿರಲಿಲ್ಲ.

## ಇನ್ನೂ ಆಳಕ್ಕೆ

ಒಳ್ಳೆ ಅಂಕ ಬಂದ್ರೂ ಖುಷಿ ಆಗಲ್ಲ. "ಪೇಪರ್ ಸುಲಭ ಇತ್ತು" ಅನಿಸುತ್ತೆ. ಯಾಕೆ?

ಕ್ಲಾನ್ಸ್ ಇದನ್ನು ಒಂದು ಚಕ್ರದ ಹಾಗೆ ವಿವರಿಸಿದ್ದಾರೆ. ಪರೀಕ್ಷೆ ಬರುತ್ತದೆ, ಭಯ ಶುರುವಾಗುತ್ತದೆ. ಭಯಕ್ಕೆ ಎರಡು ದಾರಿ. ಒಂದು, ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಓದುವುದು. ಇನ್ನೊಂದು, ಮುಂದಕ್ಕೆ ಹಾಕಿ ಹಾಕಿ ಕೊನೆಯ ರಾತ್ರಿ ಕೂರುವುದು. ಮೊದಲ ದಾರಿಯಲ್ಲಿ ಗೆದ್ದರೆ "ಕತ್ತೆ ಥರ ಓದಿದ್ದಕ್ಕೆ ಬಂತು, ಬುದ್ಧಿಯಿಂದಲ್ಲ" ಅನಿಸುತ್ತದೆ. ಎರಡನೆಯದರಲ್ಲಿ ಗೆದ್ದರೆ "ಅದೃಷ್ಟ". ಎರಡೂ ಕಡೆ ಗೆಲುವು ನಿಮ್ಮ ಖಾತೆಗೆ ಜಮಾ ಆಗುವುದೇ ಇಲ್ಲ. ಸೋತರೆ ಮಾತ್ರ ಪೂರ್ತಿ ನಿಮ್ಮದೇ.

ಚಕ್ರವನ್ನು ಮುರಿಯಲು ಪರೀಕ್ಷೆಗೆ ಮೊದಲೇ ಬರೆದಿಡಬೇಕು. ಹಿಂದಿನ ದಿನ ಒಂದು ಕಾಗದದಲ್ಲಿ ಮೂರು ವಿಷಯ: ಎಷ್ಟು ಬರಬಹುದು, ಯಾವ ಪಾಠ ಗಟ್ಟಿ, ಯಾವುದು ಪೊಳ್ಳು. ಫಲಿತಾಂಶ ಬಂದ ಮೇಲೆ ಪಕ್ಕದಲ್ಲಿಟ್ಟು ನೋಡಿ. ನಾಲ್ಕು ಪರೀಕ್ಷೆಯಲ್ಲೂ "45 ಬರುತ್ತೆ" ಅಂತ ಬರೆದು 65ರ ಸುತ್ತ ಬರುತ್ತಿದ್ದರೆ, ನಾಲ್ಕೂ ಪತ್ರಿಕೆ ಸುಲಭ ಇದ್ದವು ಅಂತ ವಾದಿಸುವುದು ಕಷ್ಟ. ನಿಮ್ಮ ಅಂದಾಜು ಯಂತ್ರ 20 ಅಂಕ ಕೆಳಗೆ ತೋರಿಸುತ್ತದೆ ಅಷ್ಟೇ.

ನಾಲ್ಕು ಪಟ್ಟು ಓದುವವರಿಗೆ ಒಂದು ಮಾತು. ಆ ಓದು ಬಹಳ ಸಲ ಅದೇ ನೋಟ್ಸನ್ನು ಮತ್ತೆ ಮತ್ತೆ ಕಣ್ಣಾಡಿಸುವುದು ಆಗಿರುತ್ತದೆ. ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಪರೀಕ್ಷಿಸಿದಾಗ, ಐದು ನಿಮಿಷದ ನಂತರ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದೆ ಹೋದರು. ಮುಚ್ಚಿ ಬರೆಯುವುದು ಹಿಂಸೆ ಅನಿಸುತ್ತದೆ, ಏಕೆಂದರೆ ಬರದ್ದು ಕಣ್ಣಿಗೆ ಹೊಡೆಯುತ್ತದೆ. ನಕಲಿ ಅನ್ನುವ ಭಯ ಇರುವವರು ಇದನ್ನು ತಪ್ಪಿಸಿಕೊಳ್ಳುವುದೂ ಅದಕ್ಕೇ.

ಅನಿಸಿಕೆ ಎಲ್ಲ ಬಿಡಿ. ನಿಜವಾಗ್ಲೂ ನಾನು ಈ ಕ್ಲಾಸಿಗೆ ಲಾಯಕ್ಕಿಲ್ಲದಿದ್ರೆ?

ಒಳ್ಳೆಯ ಪ್ರಶ್ನೆ, ಇದನ್ನು ಹಾರಿಸಬಾರದು. ಪ್ರತಿ ಕಷ್ಟಕ್ಕೂ "ಅದು ಬರೀ ಭಾವನೆ" ಅನ್ನುವುದು ಮೋಸ. ಬೇರೆ ಮಾಡಿ ನೋಡಲು ಒಂದು ದಾರಿ ಇದೆ. ಈ ತರಗತಿ ನಿಮಗೆ ಗೊತ್ತಿರಬೇಕು ಅಂತ ಅಂದುಕೊಂಡಿರುವ ಹಿಂದಿನ ವರ್ಷದ ಪಾಠದಿಂದ 20 ಲೆಕ್ಕ ಆರಿಸಿ ಮಾಡಿ. 16ಕ್ಕಿಂತ ಜಾಸ್ತಿ ಬಂದರೆ ಅಡಿಪಾಯ ಇದೆ, ತೊಂದರೆ ಈಗಿನ ವೇಗದ್ದು. 10ಕ್ಕಿಂತ ಕಡಿಮೆ ಬಂದರೆ ನೀವು ದಡ್ಡರಲ್ಲ, ಆದರೆ ಅಡಿಪಾಯದಲ್ಲಿ ನಿಜವಾಗಿಯೂ ರಂಧ್ರ ಇದೆ. ಈಗಿನ ಪಾಠವನ್ನು ಎಷ್ಟು ಸಲ ಓದಿದರೂ ಅದು ತುಂಬುವುದಿಲ್ಲ. ಆರು ವಾರ, ದಿನಕ್ಕೆ 40 ನಿಮಿಷ ಹಿಂದಕ್ಕೆ ಹೋಗಿ. ಈ ಗಡಿಗಳು ನನ್ನ ತರಗತಿಯಲ್ಲಿ ನಾನು ಇಟ್ಟುಕೊಂಡವು, ಶಾಸ್ತ್ರವೇನಲ್ಲ.

ಅದಾದ ಮೇಲೂ ಮೂರು ಪರೀಕ್ಷೆಯಲ್ಲಿ "ಗೊತ್ತಿಲ್ಲ" ಗುಡ್ಡೆಯೇ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಪಾಠ ಮಾಡುವವರ ಜೊತೆ ಕೂತು ನಿಧಾನದ ತರಗತಿಯ ಬಗ್ಗೆ ಮಾತಾಡಬಹುದು. ಹಾಗೆ ಬದಲಿಸಿಕೊಂಡು ಚೆನ್ನಾಗಿ ಕಲಿತವರು ಇದ್ದಾರೆ. ಫಲಿತಾಂಶ ಬಂದ ಸಂಜೆ ಮಾತ್ರ ಈ ತೀರ್ಮಾನ ಬೇಡ.

ಯಾವಾಗ ಇದು ನನ್ನ ಕೈಮೀರಿದೆ ಅಂತ ತಿಳ್ಕೋಬೇಕು?

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನಿಸುತ್ತಿದ್ದರೆ, ತರಗತಿಗೆ ಹೋಗುವುದನ್ನೇ ತಪ್ಪಿಸುತ್ತಿದ್ದರೆ ವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ಬದುಕಿರುವುದೇ ಬೇಡ ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ. ಅವತ್ತೇ, ಆ ಹೊತ್ತಿಗೇ ನಂಬಿಕೆಯ ಒಬ್ಬ ಹಿರಿಯರಿಗೆ ಹೇಳಿ. ಇದು ಗುಡ್ಡೆ ಲೆಕ್ಕದಿಂದ ಸರಿಮಾಡಿಕೊಳ್ಳುವ ವಿಷಯ ಅಲ್ಲ.

ಟಾಪರ್‌ಗಳಿಗೆ ಇದೆಲ್ಲ ಅನಿಸೋದೇ ಇಲ್ಲ ಅಲ್ವಾ?

ಮೇಲೆ ಹೇಳಿದ 92ರ ಹುಡುಗನೂ ಆ ವಾರ ಬಾಗಿಲ ಹತ್ತಿರ ಬಂದಿದ್ದ. ಉತ್ತರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ಬಿಡಿಸಿದಾಗ ಮಡಿಕೆಯ ಗೆರೆ ಹರಿಯುವ ಹಾಗಿತ್ತು, ಅಷ್ಟು ಸಲ ತೆಗೆದು ನೋಡಿದ್ದ. ಹೋದ 8 ಅಂಕಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದ. "ಮುಂದಿನ ಸಲ ಎಲ್ಲರಿಗೂ ಗೊತ್ತಾಗಿಬಿಡುತ್ತೆ ಮೇಡಂ" ಅಂದ. ಅವನನ್ನೂ ಕೂರಿಸಿಕೊಂಡು ಗುಡ್ಡೆ ಮಾಡಿದೆವು. ಗೊತ್ತಿಲ್ಲದ್ದು 5, ಕೈತಪ್ಪು 3.